ಒಂದೇ ಉದ್ದ ವಿಡಿಯೋದಿಂದ ರೀಲ್ಸ್, ಶಾರ್ಟ್ಸ್, ವಾಟ್ಸಾಪ್ ತುಣುಕು: ಎರಡೆರಡು ಸಲ ಎಡಿಟ್ ಮಾಡದೆ ಹೇಗೆ?

ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆಯಿಂದ ವಿಡಿಯೋ ಮಾಡುವ ಓದುಗರು ಮತ್ತೆ ಮತ್ತೆ ಕೇಳುವುದು ಒಂದೇ. "ಯೂಟ್ಯೂಬಿಗೆ ಇಪ್ಪತ್ತು ನಿಮಿಷದ ವಿಡಿಯೋ ಹಾಕ್ತೀನ್ರಿ. ಅದನ್ನೇ ಕತ್ತರಿಸಿ ಇನ್‌ಸ್ಟಾಗ್ರಾಮಿಗೆ ಹಾಕಿದ್ರ ಯಾರೂ ನೋಡಂಗಿಲ್ಲ. ಎಲ್ಲಾದಕ್ಕೂ ಬ್ಯಾರೆ ಬ್ಯಾರೆ ಎಡಿಟ್ ಮಾಡಾಕ ಟೈಮಿಲ್ಲ. ಏನ್ ಮಾಡ್ಬೇಕು?"

ಒಂದು ತುಣುಕು ತಯಾರಾಗಲು ಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲು ಎಲ್ಲ ಕಡೆಗೂ ಒಂದೇ. ಒಳ್ಳೆಯ ಭಾಗ ಹುಡುಕುವುದು, ಮಾತು ಬರೆದುಕೊಳ್ಳುವುದು, ಧ್ವನಿ ಸರಿಮಾಡುವುದು, ಫೋನ್ ನಿಲ್ಲಿಸಿ ನೋಡುವ ನಿಂತ ಚೌಕಟ್ಟಿಗೆ ತಿರುಗಿಸುವುದು, ಇವೆಲ್ಲ ಒಂದೇ ಸಲ ಮಾಡಿದರೆ ಸಾಕು. ಬೇರೆ ಬೇರೆಯಾಗುವುದು ಕೊನೆಯ ಸ್ವಲ್ಪ ಕೆಲಸ ಮಾತ್ರ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಸಂಗೀತ, ಅಕ್ಷರ, ಲೋಗೋ ಎಲ್ಲ ಹಾಕಿ ಮುಗಿಸಿದ ವಿಡಿಯೋವನ್ನು ಯೂಟ್ಯೂಬಿನಿಂದ ಇಳಿಸಿಕೊಂಡು, ಅದರ ಮೇಲೆ ಮತ್ತೆ ಕತ್ತರಿ ಆಡಿಸುತ್ತಾರೆ. ಅಷ್ಟರಲ್ಲಿ ಅಕ್ಷರ ಅರ್ಧ ಕತ್ತರಿಸಿ ಹೋಗಿರುತ್ತದೆ, ಹಾಡು ಮಧ್ಯದಲ್ಲಿ ಜಿಗಿಯುತ್ತದೆ.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಒಂದು ಮನೆಗೆ ಹೋಗಿ 22 ನಿಮಿಷದ ವಿಡಿಯೋ ಮಾಡಿದ್ದೀರಿ ಅಂದುಕೊಳ್ಳಿ. ಹಗುರ ಮರ ಕೆತ್ತುವುದು, ಹುಣಸೆ ಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸುವುದು, ಸೆಣಬಿನ ಪುಡಿ ಕಲಸಿದ ಕಿಟ್ಟ ಮೆತ್ತುವುದು, ಬಣ್ಣ ಹಚ್ಚುವುದು, ಕೊನೆಗೆ ಮಾರಾಟದ ಮಾತು. ಇದರಿಂದ ನಾವು ತೆಗೆಯಬೇಕಾದ್ದು ಮೂರು ನಿಂತ ಚೌಕಟ್ಟಿನ ತುಣುಕು, ಒಂದು ಚಿತ್ರಸರಣಿ, ಒಂದು ವಾಟ್ಸಾಪ್ ಸಂದೇಶ. ಇದಕ್ಕಿಂತ ಜಾಸ್ತಿ ಬೇಡ. 22 ನಿಮಿಷದಲ್ಲಿ ಹದಿನೈದು ತುಣುಕು ಹುಡುಕಲು ಹೊರಟರೆ ಹತ್ತು ಸಪ್ಪೆ ಇರುತ್ತವೆ.

ಬೇಕಾದದ್ದು

4ಕೆ ಚಿತ್ರೀಕರಿಸುವ ಫೋನ್ ಅಥವಾ ಕ್ಯಾಮೆರಾ, ಕಾಲರಿಗೆ ಸಿಕ್ಕಿಸುವ ಒಂದು ಮೈಕ್, ಜಾಗ ಇರುವ ಹಾರ್ಡ್ ಡಿಸ್ಕ್. ಫೋನಿನಲ್ಲಿ 4ಕೆ ಅಂದರೆ ನಿಮಿಷಕ್ಕೆ ಸುಮಾರು 350 ಎಂಬಿ ಹಿಡಿಯುತ್ತದೆ, ಫೋನಿನಿಂದ ಫೋನಿಗೆ ವ್ಯತ್ಯಾಸ ಇರುತ್ತದೆ. ಎಡಿಟ್ ಮಾಡಲು ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಫೋನಿನಲ್ಲೇ ಮಾಡುವವರು ಈಗ ಬಳಸುತ್ತಿರುವ ಆ್ಯಪ್ ಬಿಡಬೇಕಿಲ್ಲ. ಆದರೆ ಅದು ತನ್ನ ಹೆಸರಿನ ಮುದ್ರೆ ಒತ್ತದೆ ವಿಡಿಯೋ ಹೊರಗೆ ಕೊಡುತ್ತದೆಯೇ ಅಂತ ಮೊದಲು ನೋಡಿಕೊಳ್ಳಿ.

1. ಚಿತ್ರೀಕರಣದಲ್ಲೇ ನಿಂತ ಚೌಕಟ್ಟಿನ ಲೆಕ್ಕ ಇರಲಿ

ಯೂಟ್ಯೂಬಿನ ದೊಡ್ಡ ವಿಡಿಯೋ ಅಡ್ಡ ಚೌಕಟ್ಟು, ಅಂದರೆ 16:9. ರೀಲ್ಸ್, ಶಾರ್ಟ್ಸ್ ನಿಂತ ಚೌಕಟ್ಟು, 9:16. ಅಡ್ಡ ಚಿತ್ರದಿಂದ ನಿಂತ ಚೌಕಟ್ಟು ಕತ್ತರಿಸಿದರೆ ಅಗಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆಯಷ್ಟೇ ಉಳಿಯುತ್ತದೆ.

ಇಲ್ಲೇ ಎಡವುವುದು. ಸಾಮಾನ್ಯ ಫುಲ್ ಎಚ್‌ಡಿ ಚಿತ್ರ 1920 x 1080 ಪಿಕ್ಸೆಲ್. ಅದರಿಂದ ಕತ್ತರಿಸಿದ ನಿಂತ ಚೌಕಟ್ಟಿನ ಅಗಲ ಬರೀ 607 ಪಿಕ್ಸೆಲ್. ರೀಲ್ಸಿಗೆ ಬೇಕಾದದ್ದು 1080. ಹಾಗಾಗಿ ಸುಮಾರು ಒಂದೂಮುಕ್ಕಾಲು ಪಟ್ಟು ಹಿಗ್ಗಿಸಬೇಕಾಗುತ್ತದೆ, ಚಿತ್ರ ಮಸುಕಾಗುತ್ತದೆ. ಅದೇ 4ಕೆ, ಅಂದರೆ 3840 x 2160 ಚಿತ್ರವಾದರೆ ಕತ್ತರಿಸಿದ ಮೇಲೂ 1215 ಪಿಕ್ಸೆಲ್ ಅಗಲ ಸಿಗುತ್ತದೆ. ಹಿಗ್ಗಿಸುವ ಮಾತೇ ಇಲ್ಲ. ಯೂಟ್ಯೂಬಿಗೆ ಫುಲ್ ಎಚ್‌ಡಿಯಲ್ಲೇ ಹಾಕುವವರಿಗೂ 4ಕೆ ಚಿತ್ರೀಕರಣ ಬೇಕಾಗುವುದು ಇದಕ್ಕೇ.

ಎರಡನೆಯದು ಚೌಕಟ್ಟಿನ ಮಧ್ಯ. ಮಾತಾಡುವವರು ಒಂದು ತುದಿಯಲ್ಲಿ, ಕೆಲಸ ಇನ್ನೊಂದು ತುದಿಯಲ್ಲಿ ಇದ್ದರೆ ನಿಂತ ಚೌಕಟ್ಟಿನಲ್ಲಿ ಎರಡರಲ್ಲೊಂದು ಹೋಗುತ್ತದೆ. ಕಿನ್ನಾಳದ ಮನೆಯಲ್ಲಿ ಕಲಾವಿದರು ನೆಲದ ಮೇಲೆ ಕುಳಿತು ಕೆಲಸ ಮಾಡುವಾಗ ಮುಖ, ಕೈ, ಗೊಂಬೆ ಮೂರೂ ಒಂದರ ಕೆಳಗೆ ಒಂದು ಬರುವಂತೆ ಎದುರಿನಿಂದ ಹಿಡಿಯಿರಿ. ಅಡ್ಡ ಚಿತ್ರದಲ್ಲೂ ಚೆನ್ನಾಗಿ ಕಾಣುತ್ತದೆ, ನಿಂತ ಚೌಕಟ್ಟಿಗೂ ಹಾಗೇ ಕೂರುತ್ತದೆ. ಪಕ್ಕದಿಂದ ಹಿಡಿದ ಚಿತ್ರ ದೊಡ್ಡ ವಿಡಿಯೋಕ್ಕೆ ಮಾತ್ರ ಇರಲಿ.

ಪ್ರತಿಯೊಂದು ದೃಶ್ಯವನ್ನೂ ಅಡ್ಡ ಒಮ್ಮೆ, ನಿಂತು ಒಮ್ಮೆ ತೆಗೆಯಬೇಕಾ ಅಂತ ಕೇಳುತ್ತೀರಿ. ಬೇಡ. ಅದೇ ಡಬಲ್ ಕೆಲಸ. ಜೊತೆಗೆ ಕಲಾವಿದರ ಕೈಯಲ್ಲಿ "ಇನ್ನೊಂದ್ಸಲ ಮಾಡಿ" ಅಂತ ಮಾಡಿಸಿದರೆ ಎರಡನೇ ಸಲ ನಟನೆ ಆಗುತ್ತದೆ. ಕೈಯ ಹತ್ತಿರದ ದೃಶ್ಯಗಳನ್ನು ಮಾತ್ರ, ಕೆಲಸ ಹೇಗೂ ಬಹಳ ಹೊತ್ತು ನಡೆಯುತ್ತದಲ್ವಾ, ಸ್ವಲ್ಪ ಹೊತ್ತು ಫೋನನ್ನು ನಿಲ್ಲಿಸಿ ಹಿಡಿದುಕೊಳ್ಳಿ.

ಒಂದು ಮಾತು ಇಲ್ಲೇ ಮುಗಿಸಿಬಿಡಿ. ವಿಡಿಯೋ ಯೂಟ್ಯೂಬಿಗಷ್ಟೇ ಅಲ್ಲ, ತುಣುಕಾಗಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಎಲ್ಲ ಕಡೆ ಹೋಗುತ್ತದೆ ಅಂತ ಆ ಮನೆಯವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ದೊಡ್ಡ ವಿಡಿಯೋಕ್ಕೆ ಒಪ್ಪಿದವರು ತಮ್ಮ ಮನೆಯ ಹೆಣ್ಣುಮಕ್ಕಳು, ಮಕ್ಕಳು ಇರುವ ತುಣುಕು ಊರ ಗ್ರೂಪಿನಲ್ಲಿ ತಿರುಗುವುದನ್ನು ಒಪ್ಪದೆ ಇರಬಹುದು.

ಹಳೆಯ ಫುಲ್ ಎಚ್‌ಡಿ ವಿಡಿಯೋ ಮಾತ್ರ ಇದ್ದರೆ

ಆಗಲೂ ದಾರಿ ಇದೆ. ನಿಂತ ಚೌಕಟ್ಟನ್ನು ಮೇಲೆ ಕೆಳಗೆ ಎರಡು ಭಾಗ ಮಾಡಿ. ಪ್ರತಿ ಭಾಗ 1080 x 960. ಮೇಲೆ ಮಾತಾಡುವವರ ಮುಖ, ಕೆಳಗೆ ಕೈಕೆಲಸ. ಈ ಅಳತೆಗೆ ಫುಲ್ ಎಚ್‌ಡಿ ಚಿತ್ರದಿಂದ 1215 ಪಿಕ್ಸೆಲ್ ಅಗಲದ ಭಾಗ ತೆಗೆದುಕೊಳ್ಳಬಹುದು, ಹಾಗಾಗಿ ಮಸುಕಾಗುವುದಿಲ್ಲ. ಇಲ್ಲವೇ ಅಡ್ಡ ಚಿತ್ರವನ್ನು ಪೂರ್ತಿಯಾಗಿ ನಡುವೆ ಇಟ್ಟು, ಮೇಲೆ ಶೀರ್ಷಿಕೆ, ಕೆಳಗೆ ಮಾತಿನ ಅಕ್ಷರ ಕೊಡಬಹುದು. ನನ್ನ ಓಟು ಎರಡು ಭಾಗದ ಕಡೆಗೆ. ನಡುವೆ ಸಣ್ಣ ಪಟ್ಟಿಯ ಹಾಗೆ ಕಾಣುವ ಚಿತ್ರದಲ್ಲಿ ಕೆತ್ತನೆಯ ಉಳಿ ಎಲ್ಲಿ ತಾಗಿತು ಅಂತ ಫೋನಿನಲ್ಲಿ ಗೊತ್ತೇ ಆಗುವುದಿಲ್ಲ.

2. ಮೊದಲು ಸಾದಾ ಪ್ರತಿ ತೆಗೆದಿಡಿ

ಈ ಲೇಖನದಲ್ಲಿ ಒಂದೇ ಒಂದು ಹಂತ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ.

ಸಾದಾ ಪ್ರತಿ ಅಂದರೆ ಕತ್ತರಿಸುವ ಕೆಲಸ, ಬಣ್ಣ ಸರಿಮಾಡುವ ಕೆಲಸ, ಧ್ವನಿ ಸರಿಮಾಡುವ ಕೆಲಸ ಮುಗಿದ, ಆದರೆ ಹಿನ್ನೆಲೆ ಸಂಗೀತ, ಅಕ್ಷರ, ಲೋಗೋ, "ಸಬ್‌ಸ್ಕ್ರೈಬ್ ಮಾಡಿ" ಗುಂಡಿ ಏನೂ ಇಲ್ಲದ 22 ನಿಮಿಷ. ಅದು 4ಕೆಯಲ್ಲೇ ಇರಬೇಕು. ಫುಲ್ ಎಚ್‌ಡಿಗೆ ಇಳಿಸಿಟ್ಟರೆ ಮೊದಲ ಹಂತದ ಲಾಭವೆಲ್ಲ ಹೋಯಿತು. ಫೋನಿನಲ್ಲಿ ಎಡಿಟ್ ಮಾಡುವವರು ಸಂಗೀತ ಸೇರಿಸುವ ಮೊದಲು ಒಮ್ಮೆ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡರೆ ಆಯಿತು. ಡಾವಿಂಚಿಯಲ್ಲಾದರೆ ಮಾತು ಒಂದು ಟ್ರ್ಯಾಕಿನಲ್ಲಿ, ಉಳಿ ಸುತ್ತಿಗೆ ಸದ್ದು ಇನ್ನೊಂದರಲ್ಲಿ, ಸಂಗೀತ ಮೂರನೆಯದರಲ್ಲಿ, ಅಕ್ಷರ ಮೇಲಿನ ವಿಡಿಯೋ ಟ್ರ್ಯಾಕಿನಲ್ಲಿ ಇಟ್ಟುಕೊಳ್ಳಿ. ಬೇಡದ ಟ್ರ್ಯಾಕ್ ಆಫ್ ಮಾಡಿದರೆ ಸಾದಾ ಪ್ರತಿ ಸಿದ್ಧ. ಟ್ರ್ಯಾಕ್ ಅಂದರೆ ಟೈಮ್‌ಲೈನಿನಲ್ಲಿ ಒಂದರ ಮೇಲೊಂದು ಇರುವ ಸಾಲುಗಳು.

ಸಂಗೀತಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಎರಡು ಕಾರಣ. ಸಂಗೀತ ಮಾತಿಗೆ ಅಂಟಿಕೊಂಡಿದ್ದರೆ ಎಲ್ಲಿ ಕತ್ತರಿಸಿದರೂ ಜಿಗಿತ ಕೇಳಿಸುತ್ತದೆ. ಅದನ್ನು ಆಮೇಲೆ ಬೇರ್ಪಡಿಸಿ ತೆಗೆಯುವುದು ದೊಡ್ಡ ರಗಳೆ. ಎರಡನೆಯದು ಹಕ್ಕು. ಇನ್‌ಸ್ಟಾಗ್ರಾಮ್ ತನ್ನೊಳಗೆ ಕೊಡುವ ಹಾಡನ್ನು ಬಳಸಲು ಸಿಗುವ ಅನುಮತಿ ಇನ್‌ಸ್ಟಾಗ್ರಾಮಿನ ಒಳಗಷ್ಟೇ ನಡೆಯುತ್ತದೆ. ಅದೇ ಹಾಡಿನ ವಿಡಿಯೋ ಯೂಟ್ಯೂಬಿಗೆ ಹಾಕಿದರೆ ಅಲ್ಲಿ ಹಕ್ಕುದಾರರ ಕ್ಲೇಮ್ ಬರಬಹುದು. ಅದರಲ್ಲೂ ಒಂದು ನಿಮಿಷಕ್ಕಿಂತ ಉದ್ದದ ಶಾರ್ಟ್ಸಿಗೆ ಇಂಥ ಕ್ಲೇಮ್ ಬಿದ್ದರೆ ಯೂಟ್ಯೂಬ್ ಅದನ್ನು ತಡೆದುಬಿಡುತ್ತದೆ. ಸಾದಾ ಪ್ರತಿ ಇದ್ದರೆ ಶಾರ್ಟ್ಸಿಗೆ ಯೂಟ್ಯೂಬ್ ಆಡಿಯೋ ಲೈಬ್ರರಿಯ ಸಂಗೀತ, ರೀಲ್ಸಿಗೆ ಅಲ್ಲಿಯದೇ ಹಾಡು ಹಾಕಿಕೊಳ್ಳಬಹುದು. ನನ್ನನ್ನು ಕೇಳಿದರೆ ಕಿನ್ನಾಳದಂಥ ವಿಡಿಯೋಕ್ಕೆ ಹಾಡೇ ಬೇಡ. ಉಳಿಯ ಸದ್ದು ಸಾಕು.

3. ಮಾತು ಬರೆದುಕೊಂಡು ಗುರುತು ಹಾಕಿ

ಈಗ ವಿಡಿಯೋ ಒಮ್ಮೆ ಪೂರ್ತಿ ನೋಡಿ. ನೋಡುತ್ತಾ ಒಂದು ಕಾಗದದಲ್ಲಿ ಸಮಯ, ಎದುರಿಗೆ ಅಲ್ಲಿ ಆಡಿದ ಮಾತು ಬರೆಯುತ್ತಾ ಹೋಗಿ. ಎಲ್ಲ ಮಾತೂ ಬೇಡ, ವಿಷಯ ಬದಲಾದ ಕಡೆ ಮತ್ತು ಕಿವಿ ನೆಟ್ಟಗಾದ ಕಡೆ ಸಾಕು. ಡಾವಿಂಚಿಯಲ್ಲಿ ಕೀಬೋರ್ಡಿನ `M` ಒತ್ತಿದರೆ ಟೈಮ್‌ಲೈನಿನ ಮೇಲೇ ಗುರುತು ಬೀಳುತ್ತದೆ.

ಈ ಒಂದು ಪಟ್ಟಿ ಎಲ್ಲ ಕೆಲಸಕ್ಕೂ ಬರುತ್ತದೆ. ಮೊದಲು ಇದರಿಂದಲೇ ಯೂಟ್ಯೂಬ್ ವಿಡಿಯೋದ ಅಧ್ಯಾಯಗಳು ಹುಟ್ಟುತ್ತವೆ. ಅಧ್ಯಾಯ ಅಂದರೆ ವಿಡಿಯೋದ ಕೆಳಗಿನ ಗೆರೆ ತುಂಡು ತುಂಡಾಗಿ ಕಾಣುವುದು. ವಿವರಣೆಯಲ್ಲಿ ಹೀಗೆ ಬರೆದರೆ ಸಾಕು:

```
00:00 ಕಿನ್ನಾಳದ ಗೊಂಬೆ
01:40 ಮರ ಆರಿಸುವುದು
05:15 ಕೆತ್ತನೆ, ಕೂಡಿಸುವುದು
09:30 ಕಿಟ್ಟ ಮೆತ್ತುವುದು
14:20 ಬಣ್ಣ
18:45 ಬೆಲೆ, ಮಾರಾಟ
```

ಮೊದಲ ಸಾಲು 00:00 ಇರಲೇಬೇಕು. ಕನಿಷ್ಠ ಮೂರು ಸಾಲು ಬೇಕು, ಕ್ರಮವಾಗಿ ಏರುತ್ತಾ ಹೋಗಬೇಕು, ಯಾವ ಅಧ್ಯಾಯವೂ 10 ಸೆಕೆಂಡಿಗಿಂತ ಚಿಕ್ಕದಿರಬಾರದು. ಅಧ್ಯಾಯ ಕಾಣುತ್ತಿಲ್ಲ ಅಂದರೆ ಈ ನಾಲ್ಕರಲ್ಲಿ ಒಂದು ತಪ್ಪಿರುವುದೇ ಜಾಸ್ತಿ.

ಆಮೇಲೆ ತುಣುಕು ಆರಿಸುವುದು. ಇಲ್ಲಿ ನಾನು ಬಳಸುವ ಪರೀಕ್ಷೆ ಸರಳ. ಕಿನ್ನಾಳ ಎಲ್ಲಿದೆ ಅಂತಲೂ ಗೊತ್ತಿಲ್ಲದ ಒಬ್ಬರಿಗೆ ಆ ಭಾಗ ಮಾತ್ರ ತೋರಿಸಿದರೆ ಅರ್ಥವಾಗುತ್ತದೆಯೇ? ಮಾತಿನಲ್ಲಿ "ಆಗಲೇ ಹೇಳಿದೆವಲ್ಲ", "ಇದರ ಮೇಲೆ", "ಆಮೇಲೆ ಅದನ್ನ" ಇದ್ದರೆ ಎಚ್ಚರ. ಇಂಥ ಮಾತು ತೆಗೆದರೂ ವಿಷಯ ನಿಲ್ಲುವುದಾದರೆ ತುಣುಕು ಆಗುತ್ತದೆ, ಇಲ್ಲವಾದರೆ ಅದನ್ನು ಬಿಟ್ಟುಬಿಡಿ.

ನಮ್ಮ 22 ನಿಮಿಷದಲ್ಲಿ ಈ ಪರೀಕ್ಷೆ ಪಾಸಾಗುವುದು ಮೂರು ಅಂದುಕೊಳ್ಳೋಣ. 09:42ರಿಂದ 10:58ರವರೆಗೆ ಕಿಟ್ಟ ಅಂದರೇನು ಅನ್ನುವ ಭಾಗ. 15:10ರಿಂದ 15:50ರವರೆಗೆ ಗೊಂಬೆಗೆ ಕಣ್ಣು ಬರೆಯುವುದು, ಇದರಲ್ಲಿ ಮಾತೇ ಇಲ್ಲ. 19:05ರಿಂದ 20:20ರವರೆಗೆ ಪ್ಲಾಸ್ಟಿಕ್ ಗೊಂಬೆಗಿಂತ ಇದಕ್ಕೆ ಬೆಲೆ ಯಾಕೆ ಜಾಸ್ತಿ ಅನ್ನುವುದು. ಮರ ಆರಿಸುವ ಭಾಗ ಚೆನ್ನಾಗಿದ್ದರೂ ಮೂರು ನಿಮಿಷ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಅದನ್ನು ಕತ್ತರಿಸಿದರೆ ಸತ್ವ ಹೋಗುತ್ತದೆ, ದೊಡ್ಡ ವಿಡಿಯೋದಲ್ಲೇ ಇರಲಿ.

4. ನಿಂತ ಚೌಕಟ್ಟಿನ ತುಣುಕು, ಎಲ್ಲ ಕಡೆಗೂ ಒಂದೇ

ಕಿಟ್ಟದ ಭಾಗವನ್ನೇ ತೆಗೆದುಕೊಳ್ಳೋಣ. ಕಚ್ಚಾ ಉದ್ದ 76 ಸೆಕೆಂಡ್. ಹಳೆಯ ಸೆಣಬಿನ ಚೂರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನ ಜೊತೆ ಕಲಸಿದ್ದೇ ಕಿಟ್ಟ. ಇದನ್ನು ಮರದ ಗೊಂಬೆಯ ಮೇಲೆ ಮೆತ್ತುತ್ತಾರೆ. ದೊಡ್ಡ ವಿಡಿಯೋದಲ್ಲಿ ಈ ಭಾಗ ಶುರುವಾಗುವುದು "ಮರ ಕೂಡಿಸಿದ ಮ್ಯಾಲ ಒಣಗಾಕ ಬಿಟ್ಟಿವಲ್ರಿ, ಈಗ ಮುಂದಿಂದು ನೋಡ್ರಿ" ಅಂತ. 22 ನಿಮಿಷ ಕುಳಿತು ನೋಡುವವರಿಗೆ ಇದು ಸರಿ. ರೀಲ್ಸ್ ಜಾರಿಸುತ್ತಾ ಬಂದವರಿಗೆ ಏನೂ ಹೇಳುವುದಿಲ್ಲ.

10:21ರಲ್ಲಿ ಕಲಾವಿದರು ಕಿಟ್ಟದ ಉಂಡೆ ಕೈಯಲ್ಲಿ ಹಿಡಿದು "ಇದು ಮಣ್ಣಲ್ರಿ, ಗೋಣಿಚೀಲ" ಅನ್ನುತ್ತಾರೆ ಅಂತಿಟ್ಟುಕೊಳ್ಳಿ. ಅದೇ ಮೊದಲ ಮಾತಾಗಬೇಕು. ಆ ಮೂರು ಸೆಕೆಂಡ್ ಎತ್ತಿ ಮುಂದೆ ಇಡಿ. ನಂತರ ಸೆಣಬು ನೆನೆಸುವುದರಿಂದ ಕ್ರಮವಾಗಿ ಹೋಗಿ. ಹಿಂದಿನದನ್ನು ನೆನಪಿಸುವ ಮಾತು, ನಿಮ್ಮ "ಹೌದಾ ಅಣ್ಣಾ", ಉಸಿರಿನ ಬಿಡುವು ಎಲ್ಲ ತೆಗೆದರೆ 50 ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಕೊನೆಯಲ್ಲಿ ಕಿಟ್ಟ ಮೆತ್ತಿದ ಗೊಂಬೆ ಕಾಣಿಸಿ ನಿಲ್ಲಿಸಿ. "ಪೂರ್ತಿ ವಿಡಿಯೋ ನೋಡಲು" ಅಂತ ಕೊನೆಗೆ ಐದು ಸೆಕೆಂಡ್ ಹಾಕಬೇಡಿ. ಜನ ಅಲ್ಲೇ ಎದ್ದುಹೋಗುತ್ತಾರೆ, ಇನ್‌ಸ್ಟಾಗ್ರಾಮಿನಲ್ಲಂತೂ ಆ ಮಾತಿಗೆ ಅರ್ಥವೂ ಇಲ್ಲ.

ಡಾವಿಂಚಿಯ ಮೀಡಿಯಾ ಪೂಲಿನಲ್ಲಿರುವ ಟೈಮ್‌ಲೈನಿನ ಮೇಲೆ ಬಲ ಕ್ಲಿಕ್ ಮಾಡಿ `Duplicate Timeline` ಕೊಡಿ. ಆ ನಕಲಿನ ಸೆಟ್ಟಿಂಗ್‌ನಲ್ಲಿ `Use Project Settings` ಗುರುತು ತೆಗೆದು ಅಳತೆ 1080 x 1920 ಮಾಡಿ. ಅಳತೆ ಹೊಂದದ ಚಿತ್ರಕ್ಕೆ `Scale full frame with crop` ಆರಿಸಿ. ಆಮೇಲೆ ಪ್ರತಿ ದೃಶ್ಯದಲ್ಲೂ ಕೈ ಅಥವಾ ಮುಖ ನಡುವೆ ಬರುವಂತೆ ಎಡಬಲ ಸರಿಸಿ. ದೃಶ್ಯ ಬದಲಾದಾಗಲೆಲ್ಲ ಸರಿಸಬೇಕು, ಒಂದೇ ಜಾಗ ಎಲ್ಲಕ್ಕೂ ಹೊಂದುವುದಿಲ್ಲ.

ಮಾತು ಕತ್ತರಿಸುವಾಗ ಇನ್ನೊಂದು ಅಪಾಯ. ಕಲಾವಿದರು "ಮೊದ್ಲ ಎಲ್ಲಾ ಬಣ್ಣ ನಾವ ತಯಾರ್ ಮಾಡ್ತಿದ್ವಿ, ಈಗ ಅಂಗಡ್ಯಾಗಿಂದು ತರ್ತೀವಿ" ಅಂದಿದ್ದಾರೆ. ಅವಸರದಲ್ಲಿ ಎರಡನೇ ಅರ್ಧ ಕತ್ತರಿಸಿದರೆ ಅವರು ಇವತ್ತಿಗೂ ಬಣ್ಣ ತಾವೇ ಮಾಡುತ್ತಾರೆ ಅಂತಾಗುತ್ತದೆ. ಗೊಂಬೆ ಕೊಳ್ಳಲು ಬಂದವರು ಪ್ರಶ್ನೆ ಕೇಳುವುದು ಅವರನ್ನು, ನಿಮ್ಮನ್ನಲ್ಲ. ತುಣುಕು ಮುಗಿದ ಮೇಲೆ ದೊಡ್ಡ ವಿಡಿಯೋದ ಅದೇ ಭಾಗ ಪಕ್ಕದಲ್ಲಿಟ್ಟು ಒಮ್ಮೆ ಕೇಳಿ. ಸಾಧ್ಯವಾದರೆ ಹಾಕುವ ಮೊದಲು ಅವರಿಗೇ ಕಳಿಸಿ.

ಈ ಹಂತದ ಕೊನೆಯಲ್ಲಿ ಅಕ್ಷರವಿಲ್ಲದ, ಸಂಗೀತವಿಲ್ಲದ ಮೂರು ನಿಂತ ತುಣುಕು ಕೈಯಲ್ಲಿರುತ್ತವೆ. ಹೆಸರು ಹೀಗಿಡಿ: `kinnal_kitta_9x16_clean.mp4`. `final2_new.mp4` ಅಂತಿಟ್ಟರೆ ಆರು ತಿಂಗಳ ನಂತರ ನಿಮಗೇ ಗೊತ್ತಾಗುವುದಿಲ್ಲ.

5. ಕನ್ನಡ ಅಕ್ಷರ

ಬಸ್ಸಿನಲ್ಲಿ, ಆಫೀಸಿನಲ್ಲಿ ಧ್ವನಿ ಆಫ್ ಮಾಡಿ ನೋಡುವವರು ಬಹಳ. ನಮ್ಮ ಕಡೆಯ ಮಾತು ಮೈಸೂರಿನವರಿಗೆ, ಮಂಗಳೂರಿನವರಿಗೆ ಒಮ್ಮೆಗೇ ಹಿಡಿಯುವುದೂ ಇಲ್ಲ. ಹಾಗಾಗಿ ಮಾತಿನ ಅಕ್ಷರ ಬೇಕೇ ಬೇಕು. ಮೂರನೇ ಹಂತದಲ್ಲಿ ಬರೆದುಕೊಂಡ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ, ಆಗ ಬಿಟ್ಟ ಮಾತಷ್ಟೇ ಕೇಳಿ ತುಂಬಿಸಿದರೆ ಸಾಕು. ಅವರು ಆಡಿದ ಹಾಗೇ ಬರೆಯಿರಿ. "ಒಣಗಾಕ ಬಿಡಬೇಕ್ರಿ" ಅನ್ನುವುದನ್ನು "ಒಣಗಲು ಬಿಡಬೇಕು" ಅಂತ ತಿದ್ದಿದರೆ ಕಿವಿಗೊಂದು, ಕಣ್ಣಿಗೊಂದು ಆಗುತ್ತದೆ.

ಕನ್ನಡದಲ್ಲಿ ಎರಡು ತೊಂದರೆ ಪದೇ ಪದೇ ಬರುತ್ತವೆ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಎಡಿಟಿಂಗ್ ಆ್ಯಪಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಅದನ್ನು ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಯೂನಿಕೋಡ್ ಅಂದರೆ ಫೋನಿನಲ್ಲಿ ನೀವು ವಾಟ್ಸಾಪಿಗೆ ಟೈಪ್ ಮಾಡುತ್ತೀರಲ್ಲ, ಅದೇ. ಎರಡನೆಯದು ಒತ್ತಕ್ಷರ ಒಡೆಯುವುದು. ಕಿಟ್ಟ ಅಂತ ಟೈಪ್ ಮಾಡಿದರೆ "ಕಿಟ್‌ಟ" ಅಂತ ಕಾಣುತ್ತದೆ. ಕೆಲವು ಆ್ಯಪುಗಳಿಗೆ ಒತ್ತು ಜೋಡಿಸಲು ಬರುವುದಿಲ್ಲ. `Noto Sans Kannada` ಫಾಂಟ್ ಹಾಕಿ ನೋಡಿ. ಪ್ರೀಮಿಯರ್ ಬಳಸುವವರು ಅಕ್ಷರದ ಸೆಟ್ಟಿಂಗ್‌ನಲ್ಲಿ `South Asian and Middle Eastern` ಆರಿಸಬೇಕು. ಆಗಲೂ ಸರಿಯಾಗದಿದ್ದರೆ ಆ ಆ್ಯಪ್ ಬಿಟ್ಟು ಬೇರೆಯದು ಹಿಡಿಯಿರಿ.

ಅಕ್ಷರ ಇಡುವ ಜಾಗವೂ ಮುಖ್ಯ. ಶಾರ್ಟ್ಸ್, ರೀಲ್ಸ್ ಎರಡರಲ್ಲೂ ಕೆಳಗೆ ನಿಮ್ಮ ಹೆಸರು, ವಿವರ ಬರುತ್ತವೆ. ಬಲಗಡೆ ಲೈಕ್, ಕಾಮೆಂಟ್ ಗುಂಡಿಗಳ ಸಾಲು. ಕೆಳಗಿನ ಕಾಲು ಭಾಗ, ಬಲದ ಅಂಚು ಎರಡನ್ನೂ ಖಾಲಿ ಬಿಟ್ಟು ನಡುವಿಗಿಂತ ಸ್ವಲ್ಪ ಕೆಳಗೆ ಅಕ್ಷರ ಇಡಿ. ಒಂದು ಸಲಕ್ಕೆ ಎರಡು ಸಾಲು ಸಾಕು. ಹೀಗೆ ಇಟ್ಟರೆ ಒಂದೇ ಪ್ರತಿ ಎಲ್ಲ ಕಡೆಗೂ ನಡೆಯುತ್ತದೆ. ಬೇರೆ ಬೇರೆ ಜಾಗದಲ್ಲಿ ಅಕ್ಷರ ಇರುವ ಮೂರು ಪ್ರತಿ ಮಾಡಬೇಕಿಲ್ಲ.

ಒಂದು ಎಚ್ಚರಿಕೆ. ಒಂದು ಆ್ಯಪಿನ ಒಳಗೇ ಅಕ್ಷರ ಹಾಕಿ, ಅಲ್ಲಿಂದ ಇಳಿಸಿಕೊಂಡು ಇನ್ನೊಂದಕ್ಕೆ ಹಾಕುವ ಅಡ್ಡದಾರಿ ಬೇಡ. ಬೇರೆ ಆ್ಯಪಿನ ಮುದ್ರೆ ಕಾಣುವ ವಿಡಿಯೋವನ್ನು ಹೊಸಬರಿಗೆ ಕಡಿಮೆ ತೋರಿಸುತ್ತೇವೆ ಅಂತ ಇನ್‌ಸ್ಟಾಗ್ರಾಮ್ 2021ರಲ್ಲೇ ಹೇಳಿದೆ. ಎಲ್ಲ ಕಡೆಗೂ ನಿಮ್ಮ ಹಾರ್ಡ್ ಡಿಸ್ಕಿನ ಪ್ರತಿಯೇ ಹೋಗಲಿ.

6. ಈಗ ಮಾತ್ರ ಬೇರೆ ಬೇರೆ

ಯೂಟ್ಯೂಬ್ ಶಾರ್ಟ್ಸ್. 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗಿನ ನಿಂತ ಅಥವಾ ಚೌಕಾಕಾರದ ವಿಡಿಯೋ ಶಾರ್ಟ್ಸ್ ಆಗುತ್ತದೆ. ಮೂರು ನಿಮಿಷ ಸಿಗುತ್ತದೆ ಅಂತ ಹಿಗ್ಗಿಸಬೇಡಿ. ಇಲ್ಲಿ ಜನ ಹುಡುಕಿಕೊಂಡೂ ಬರುತ್ತಾರೆ, ಆದ್ದರಿಂದ ಶೀರ್ಷಿಕೆಯಲ್ಲಿ ಹುಡುಕುವ ಮಾತೇ ಇರಲಿ: "ಕಿನ್ನಾಳ ಗೊಂಬೆಗೆ ಮೆತ್ತುವ ಕಿಟ್ಟ ಹೇಗೆ ಮಾಡುತ್ತಾರೆ?" ಶಾರ್ಟ್ಸ್‌ನ ವಿವರಣೆಯಲ್ಲಿ, ಕಾಮೆಂಟಿನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, 2023ರಲ್ಲೇ ಅದನ್ನು ನಿಲ್ಲಿಸಿದ್ದಾರೆ. ಬಹಳ ಜನ ಇನ್ನೂ ಅಲ್ಲಿ ಲಿಂಕ್ ಹಾಕುತ್ತಲೇ ಇದ್ದಾರೆ, ಸುಮ್ನೆ. ಅದರ ಬದಲು ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ಶಾರ್ಟ್ಸ್ ತೆರೆದು `Related video` ಅನ್ನುವಲ್ಲಿ 22 ನಿಮಿಷದ ವಿಡಿಯೋ ಆರಿಸಿ. ತುಣುಕಿನ ಮೇಲೇ ಒತ್ತುವ ಲಿಂಕ್ ಕಾಣುತ್ತದೆ.

ಇನ್‌ಸ್ಟಾಗ್ರಾಮ್ ರೀಲ್ಸ್. ಅದೇ ವಿಡಿಯೋ. ಬದಲಾಗುವುದು ಮುಖಚಿತ್ರ ಮತ್ತು ಬರಹ. ನಿಮ್ಮ ಪ್ರೊಫೈಲಿನಲ್ಲಿ ರೀಲ್ಸಿನ ಮುಖಚಿತ್ರ ಪೂರ್ತಿ ಕಾಣುವುದಿಲ್ಲ, 3:4 ಅಳತೆಗೆ ಮೇಲೆ ಕೆಳಗೆ ಕತ್ತರಿಸಿ ತೋರಿಸುತ್ತದೆ. ಹಾಗಾಗಿ ಶೀರ್ಷಿಕೆಯ ಅಕ್ಷರ ನಡುವೆ ಇರಲಿ. ಬರಹದಲ್ಲಿ ಹಾಕಿದ ಲಿಂಕ್ ಇಲ್ಲೂ ತೆರೆಯುವುದಿಲ್ಲ. ಇಲ್ಲಿನವರನ್ನು ಯೂಟ್ಯೂಬಿಗೆ ಎಳೆದೊಯ್ಯುವ ಆಸೆ ಬಿಡಿ. ಕಿಟ್ಟ ಏನು ಅಂತ ಗೊತ್ತಾಯಿತು, ಇನ್ನೊಬ್ಬರಿಗೆ ಕಳಿಸಿದರು, ಅಷ್ಟಾದರೆ ಈ ತುಣುಕು ಗೆದ್ದಂತೆ. ಗೊಂಬೆ ಎಲ್ಲಿ ಸಿಗುತ್ತದೆ ಅನ್ನುವುದನ್ನು ಬರಹದ ಮೊದಲ ಸಾಲುಗಳಲ್ಲೇ ಬರೆಯಿರಿ. ಕಾಮೆಂಟಿನಲ್ಲಿ ಜನ ಕೇಳುವುದು ಅದನ್ನೇ.

ಚಿತ್ರಸರಣಿ. ಒಂದೇ ಪೋಸ್ಟಿನಲ್ಲಿ ಸರಿಸುತ್ತಾ ನೋಡುವ ಹಲವು ಚಿತ್ರ. ಕಿಟ್ಟ ಮಾಡುವ ಕ್ರಮ ಇದಕ್ಕೆ ಹೇಳಿಮಾಡಿಸಿದ್ದು: ಸೆಣಬು, ನೆನೆಸಿದ್ದು, ಪುಡಿ, ಹುಣಸೆ ಬೀಜದ ಅಂಟು, ಕಲಸಿದ ಉಂಡೆ, ಮೆತ್ತಿದ ಗೊಂಬೆ. ಪ್ರತಿ ಚಿತ್ರದ ಮೇಲೆ ಒಂದು ಸಾಲು, ಅಳತೆ 1080 x 1350. ಮಾತು ನಿಮ್ಮ ಪಟ್ಟಿಯಲ್ಲೇ ಇದೆ. ಚಿತ್ರಗಳನ್ನು 4ಕೆ ವಿಡಿಯೋದಿಂದ ನಿಲ್ಲಿಸಿ ತೆಗೆಯಬಹುದು, ಆದರೆ ಕೈ ಆಡುತ್ತಿರುವ ಕ್ಷಣ ತೆಗೆದರೆ ಬೆರಳೆಲ್ಲ ಅಲುಗಿದ ಹಾಗೆ ಬರುತ್ತದೆ. ಕೈ ನಿಂತ ಕ್ಷಣ ಹುಡುಕಿ. ಕಣ್ಣು ಬರೆಯುವ ತುಣುಕಿನಿಂದ ಸರಣಿ ಮಾಡಲು ಹೋಗಬೇಡಿ. ಅಲ್ಲಿರುವುದೇ ಚಲನೆ, ನಿಲ್ಲಿಸಿದರೆ ಏನೂ ಉಳಿಯುವುದಿಲ್ಲ.

ಫೇಸ್‌ಬುಕ್. ನಮ್ಮ ಭಾಗದಲ್ಲಿ ಊರಿನ ಹಿರಿಯರು, ಮೇಷ್ಟ್ರುಗಳು, ಬೆಂಗಳೂರು ಪುಣೆಗೆ ದುಡಿಯಲು ಹೋದವರು ಇಲ್ಲಿ ಸಿಗುತ್ತಾರೆ. ಬೆಲೆಯ ಬಗೆಗಿನ ತುಣುಕು ಇಲ್ಲಿಗೆ ಹೊಂದುತ್ತದೆ, ಯಾಕಂದರೆ ಮಾತಿಗೆ ಮಾತು ಬೆಳೆಯುತ್ತದೆ. ಮೇಲೆ ನಾಲ್ಕು ಸಾಲು ಬರೆದು ಹಾಕಿ. ಇನ್‌ಸ್ಟಾಗ್ರಾಮಿನಿಂದಲೇ ಫೇಸ್‌ಬುಕ್ಕಿಗೂ ಹೋಗುವಂತೆ ಮಾಡುವ ಸೌಲಭ್ಯ ಇದೆ, ಆದರೆ ಹ್ಯಾಷ್‌ಟ್ಯಾಗ್ ತುಂಬಿದ ಅದೇ ಬರಹ ಇಲ್ಲಿ ಪರಕೀಯವಾಗಿ ಕಾಣುತ್ತದೆ. ಈ ನಾಲ್ಕು ಸಾಲಿನ ಕೆಲಸ ಉಳಿಸಬೇಡಿ.

ವಾಟ್ಸಾಪ್. ನಿಜ ಹೇಳಬೇಕೆಂದರೆ ಕೊಪ್ಪಳ, ರಾಯಚೂರು ಕಡೆ ವಿಡಿಯೋ ಮನೆಮನೆಗೆ ಮುಟ್ಟುವುದು ಇದರಿಂದ. ಆದರೆ ಇಲ್ಲಿ ವಿಡಿಯೋ ಫೈಲ್ ಕಳಿಸುವುದಕ್ಕಿಂತ ಪಠ್ಯ ಸಂದೇಶವೇ ಚೆನ್ನಾಗಿ ಕೆಲಸ ಮಾಡುತ್ತದೆ. ಫೈಲ್ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ನಿಮ್ಮ ಹೆಸರೂ ಅಳಿಸಿಹೋಗುತ್ತದೆ. ಬದಲಿಗೆ ಮೂರು ಸಾಲು ಬರೆದು, ನೇರ ಕಿಟ್ಟದ ಭಾಗಕ್ಕೆ ಹೋಗುವ ಲಿಂಕ್ ಕೊಡಿ:

```
ಇದು ಮಣ್ಣಲ್ಲ, ಗೋಣಿಚೀಲ!
ಕಿನ್ನಾಳದ ಗೊಂಬೆಗೆ ಮೆತ್ತುವ ಕಿಟ್ಟ
ಹೇಗೆ ಮಾಡ್ತಾರೆ, ನೋಡ್ರಿ:
https://youtu.be/VIDEO_ID?t=582
```

`VIDEO_ID` ಜಾಗದಲ್ಲಿ ನಿಮ್ಮ ವಿಡಿಯೋದ ಗುರುತು ಬರಬೇಕು. ಕೊನೆಯ 582 ಅಂದರೆ ಸೆಕೆಂಡ್: ಒಂಬತ್ತು ನಿಮಿಷ 42 ಸೆಕೆಂಡ್ ಲೆಕ್ಕ ಹಾಕಿದರೆ 540ಕ್ಕೆ 42 ಸೇರಿ 582. ಯೂಟ್ಯೂಬಿನಲ್ಲಿ ಕೃಷಿ ಮಾಹಿತಿ, ಸರಕಾರಿ ಯೋಜನೆ ವಿಡಿಯೋ ಮಾಡುವವರಿಗೂ ಇದು ಬಹಳ ಉಪಯೋಗ. 25 ನಿಮಿಷದ ವಿಡಿಯೋದಲ್ಲಿ ಅರ್ಜಿ ತುಂಬುವ ಭಾಗ ಮಾತ್ರ ಬೇಕಾದವರಿಗೆ ಅಲ್ಲಿಗೇ ಕರೆದೊಯ್ಯಬಹುದು. ಸ್ಟೇಟಸ್‌ಗೆ ಹಾಕುವುದಾದರೆ ಕಣ್ಣು ಬರೆಯುವ 40 ಸೆಕೆಂಡಿನ ತುಣುಕು ಹಾಕಿ. ಒಂದು ನಿಮಿಷದೊಳಗೆ ಇರುವುದರಿಂದ ಅದು ತುಂಡಾಗದೆ ಹೋಗುತ್ತದೆ.

ಧ್ವನಿ ಮಾತ್ರ ತೆಗೆದು ಪಾಡ್‌ಕಾಸ್ಟ್ ಮಾಡಬಹುದಾ ಅಂತಲೂ ಕೇಳುತ್ತಾರೆ. ಇಬ್ಬರು ಕುಳಿತು ಮಾತಾಡಿದ ಸಂದರ್ಶನವಾದರೆ ಮಾಡಿ. ಕಿನ್ನಾಳದ ವಿಡಿಯೋಕ್ಕೆ ಬೇಡ, "ಹಿಂಗ ಮಾಡ್ರಿ, ಇಲ್ಲಿ ನೋಡ್ರಿ" ಅನ್ನುವುದನ್ನು ಕೇಳಿ ಯಾರಿಗೂ ಏನೂ ತಿಳಿಯುವುದಿಲ್ಲ.

7. ಹಾಕುವ ಕ್ರಮ

ದೊಡ್ಡ ವಿಡಿಯೋ ಮೊದಲು. ಅದು ಇಲ್ಲದೆ `Related video` ಕೊಡಲು ಆಗುವುದಿಲ್ಲ, ವಾಟ್ಸಾಪ್ ಲಿಂಕೂ ಇರುವುದಿಲ್ಲ. ಮರುದಿನ ಕಿಟ್ಟದ ತುಣುಕು ಶಾರ್ಟ್ಸಿಗೂ ರೀಲ್ಸಿಗೂ ಹೋಗಲಿ, ಅದರ ಜೊತೆಗೇ ವಾಟ್ಸಾಪ್ ಸಂದೇಶ. ಉಳಿದ ಎರಡು ತುಣುಕು, ಚಿತ್ರಸರಣಿ ಎರಡು ಮೂರು ದಿನ ಬಿಟ್ಟು ಬಿಟ್ಟು. ಎಲ್ಲವನ್ನೂ ಒಂದೇ ಸಂಜೆ ಸುರಿದರೆ ನಿಮ್ಮನ್ನು ಎಲ್ಲ ಕಡೆ ಹಿಂಬಾಲಿಸುವ ಅದೇ ಜನಕ್ಕೆ ಬೇಸರ ಬರುತ್ತದೆ.

ಒಂದು ವಾರದ ಬಳಿಕ ಯೂಟ್ಯೂಬ್ ಸ್ಟುಡಿಯೋದಲ್ಲಿ ತುಣುಕಿನ ಲೆಕ್ಕ ತೆರೆದು, ನೋಡುಗರು ಯಾವ ಸೆಕೆಂಡಿನಲ್ಲಿ ಬಿಟ್ಟು ಹೋದರು ಅನ್ನುವ ಗೆರೆ ನೋಡಿ. ಮೊದಲ ಮೂರು ಸೆಕೆಂಡಿನಲ್ಲೇ ಗೆರೆ ಕುಸಿದಿದ್ದರೆ ಶುರುವಿನ ಮಾತು ಸರಿಯಿಲ್ಲ. ಸಾದಾ ತುಣುಕು ನಿಮ್ಮ ಬಳಿ ಇದೆಯಲ್ಲ, ಬೇರೆ ಮಾತಿನಿಂದ ಶುರುಮಾಡಿ ರೀಲ್ಸಿಗೆ ಹಾಕಿ ನೋಡಬಹುದು. ನಡುವೆ ಒಂದೇ ಜಾಗದಲ್ಲಿ ಕುಸಿದಿದ್ದರೆ ಅಲ್ಲಿ ಹಿಂದಿನದನ್ನು ನೆನಪಿಸುವ ಮಾತು ಉಳಿದಿದೆಯಾ ಅಂತ ಹುಡುಕಿ.

ಕೊನೆಗೆ ಡಿಸ್ಕ್ ಖಾಲಿ ಮಾಡುವಾಗ ಉಳಿಸಿಕೊಳ್ಳಬೇಕಾದದ್ದು ನಾಲ್ಕು: 4ಕೆ ಸಾದಾ ಪ್ರತಿ, ಅಕ್ಷರವಿಲ್ಲದ ನಿಂತ ತುಣುಕುಗಳು, ಸಮಯದ ಪಟ್ಟಿ, ಎಡಿಟಿಂಗ್ ಪ್ರಾಜೆಕ್ಟ್ ಫೈಲ್. ಅಕ್ಷರ, ಹಾಡು ಹಾಕಿದ ಪ್ರತಿಗಳನ್ನು ಅಳಿಸಿದರೂ ಚಿಂತೆ ಇಲ್ಲ. ಕಚ್ಚಾ ಚಿತ್ರೀಕರಣದಲ್ಲಿ ವಿಡಿಯೋದಲ್ಲಿ ಬಳಸದ, ಆದರೆ ಕೆಲಸದ ಕೈ ಸ್ಪಷ್ಟವಾಗಿ ಕಾಣುವ ದೃಶ್ಯಗಳಿದ್ದರೆ ಅವನ್ನು ಬೇರೆ ಫೋಲ್ಡರಿನಲ್ಲಿಟ್ಟು ಒಂದು ಪ್ರತಿಯನ್ನು ಆ ಕಲಾವಿದರ ಮನೆಯವರಿಗೂ ಪೆನ್‌ಡ್ರೈವಿನಲ್ಲಿ ಕೊಡಿ.